ಹಕುನಾ ಮಟಾಟಾ: ಉತ್ತರವೊಂದು ಘೋಷಣೆಯಾದ ಕಥೆ

ಹೊಸದುರ್ಗದಿಂದ ಚಿತ್ರದುರ್ಗಕ್ಕೆ ಹೋಗುವ ಬಸ್ಸಿನಲ್ಲಿ ಕಂಡಕ್ಟರ್ ಎರಡು ರೂಪಾಯಿ ಚಿಲ್ಲರೆ ಕೊಡಬೇಕು ಎಂದುಕೊಳ್ಳಿ. 'ಚಿಲ್ಲರೆ ಇಲ್ಲ ಯಜಮಾನ್ರೆ' ಎನ್ನುತ್ತಾನೆ. 'ಪರ್ವಾಗಿಲ್ಲ ಬಿಡಪ್ಪ' ಎನ್ನುತ್ತಾರೆ ಯಜಮಾನರು. ಮಾತು ಅಲ್ಲಿಗೆ ಮುಗಿಯಿತು. ಅದೇ 'ಪರ್ವಾಗಿಲ್ಲ ಬಿಡಿ'ಯನ್ನು ಯಜಮಾನರು ಬಾಯಿ ಬಿಡುವ ಮೊದಲೇ ಕಂಡಕ್ಟರ್ ಹೇಳಿದ್ದರೆ ಜಗಳ ಗ್ಯಾರಂಟಿ. ಪದ ಅದೇ, ಅರ್ಥವೂ ಅದೇ. ಅದನ್ನು ಹೇಳುವ ಹಕ್ಕು ಮಾತ್ರ ಎರಡು ರೂಪಾಯಿ ಕಳೆದುಕೊಂಡವರದು.

ಸ್ವಾಹಿಲಿಯ 'ಹಕುನಾ ಮಟಾಟಾ' ಜಗತ್ತಿನ ತುಂಬ ಅಲೆಯುತ್ತಾ ಕಳೆದುಕೊಂಡಿರುವುದು ಈ ಹಕ್ಕಿನ ಲೆಕ್ಕವನ್ನೇ.

ಮೊದಲು ಪದಗಳನ್ನು ಬಿಡಿಸೋಣ. 'ಹಕುನಾ' ಎಂದರೆ 'ಇಲ್ಲ'. ಕನ್ನಡದ ಹಾಗೆಯೇ ಒಂದೇ ಪದದಲ್ಲಿ ಇಲ್ಲದಿರುವಿಕೆ. 'ಮಟಾಟಾ' ಬಹುವಚನ, ಅದರ ಏಕವಚನ 'ಟಾಟಾ', ಅಂದರೆ ಸಿಕ್ಕು, ಗೋಜಲು. ನಮ್ಮ 'ತೊಡಕು' ದಾರದಿಂದ ಬದುಕಿಗೆ ಬಂದ ಹಾಗೆ ಅದೂ ಬಂದಿದೆ. 'ತೊಡಕಿಲ್ಲ' ಎಂದರೆ ಅನುವಾದ ಮುಗಿಯಿತು. ಅದರಲ್ಲಿ ಬದುಕಿನ ತತ್ವವೇನೂ ಅಡಗಿಲ್ಲ.

ಆದರೆ ಕೀನ್ಯಾ, ತಾಂಜಾನಿಯಾದ ಜನ ತಮ್ಮತಮ್ಮಲ್ಲಿ ಮಾತಾಡುವಾಗ ಈ ಪದಗುಚ್ಛವನ್ನು ಅಷ್ಟಾಗಿ ಬಳಸುವುದಿಲ್ಲ. ಕೀನ್ಯಾದಲ್ಲಿ 'ಹಕುನಾ ಶೀದಾ', ತಾಂಜಾನಿಯಾದಲ್ಲಿ 'ಹಮ್ನಾ ಶೀದಾ' ಹೆಚ್ಚು ಕೇಳಿಸುತ್ತದೆ. 'ಶೀದಾ' ಅರಬ್ಬಿಯಿಂದ ಬಂದದ್ದು, ಕಷ್ಟ ಎಂದರ್ಥ. ನಮ್ಮ 'ಪರವಾಗಿಲ್ಲ'ದ 'ಪರವಾ' ಕೂಡ ಪಾರಸಿಯಿಂದ ಉರ್ದುವಿನ ದಾರಿಯಲ್ಲಿ ಬಂದು ನಮ್ಮ 'ಇಲ್ಲ'ಕ್ಕೆ ಅಂಟಿಕೊಂಡಿದೆ. ಎರಡೂ ಕಡೆ ಚಿಂತೆ ಕಡ ತಂದದ್ದು, ಅದನ್ನು ಅಲ್ಲಗಳೆಯುವ ಪದ ಸ್ವಂತದ್ದು.

ಬಳಕೆಯೂ ಹಾಗೇ. ಯಾರಾದರೂ 'ಸಮಹಾನಿ', ಅಂದರೆ ಕ್ಷಮಿಸಿ ಎಂದಾಗ 'ಹಮ್ನಾ ಶೀದಾ' ಉತ್ತರವಾಗಿ ಬರುತ್ತದೆ. ಕಾಲು ತುಳಿದದ್ದೋ, ತಡವಾಗಿ ಬಂದದ್ದೋ, ಮುಂಚೆ ಒಂದು ಸಣ್ಣ ತೊಂದರೆ ಆಗಿರಬೇಕು. ನಿಜವಾದ ಸಂಕಟದಲ್ಲಿರುವವರಿಗೆ ಹೇಳುವ ಮಾತೇ ಬೇರೆ: 'ಪೋಲೆ'. ಕಾಯಿಲೆಯವರಿಗೆ, ಸಾವಿನ ಮನೆಯವರಿಗೆ, ಬಿಸಿಲಲ್ಲಿ ದುಡಿದು ಬಂದವರಿಗೂ 'ಪೋಲೆ' ಎನ್ನುತ್ತಾರೆ. ಅದು ನೋವನ್ನು ಕಂಡಿದ್ದೇನೆ ಎಂದು ಒಪ್ಪಿಕೊಳ್ಳುವ ಪದ. ನೋವಿಗೆ ಇಂಥದೊಂದು ಮಾತನ್ನು ಎತ್ತಿಟ್ಟುಕೊಂಡ ಭಾಷೆಯ ಜನರನ್ನು ಚಿಂತೆಯೇ ಇಲ್ಲದವರು ಎಂದು ಪೋಸ್ಟರಿನಲ್ಲಿ ಅಚ್ಚು ಹಾಕಲಾಯಿತು.

ಇದು ಹೇಗಾಯಿತು? 1982ರಲ್ಲಿ ಕೀನ್ಯಾದ 'ದೆಮ್ ಮಶ್ರೂಮ್ಸ್' ವಾದ್ಯವೃಂದ 'ಜಾಂಬೊ ಬ್ವಾನಾ' ಎಂಬ ಹಾಡನ್ನು ಹೊರತಂದಿತು. ಕರಾವಳಿಯ ಹೋಟೆಲುಗಳಲ್ಲಿ ಪ್ರವಾಸಿಗರ ಮುಂದೆ ನುಡಿಸುತ್ತಿದ್ದ ತಂಡ ಅದು. ಹಾಡು ಅತಿಥಿಯನ್ನು ಸ್ವಾಗತಿಸುತ್ತದೆ, ಇಲ್ಲಿ ತೊಡಕಿಲ್ಲ ಎಂದು ಭರವಸೆ ಕೊಡುತ್ತದೆ. ಮಾತಿನ ಸರದಿ ತಿರುಗಿದ್ದು ಇಲ್ಲಿಯೇ. ಯಾರೂ ಏನನ್ನೂ ಕೇಳಿಲ್ಲ, ಯಾರ ಕಾಲನ್ನೂ ತುಳಿದಿಲ್ಲ. ಆದರೂ ಉತ್ತರ ಮೊದಲೇ ಬಂದು ನಿಂತಿದೆ. ಅದನ್ನು ಹೇಳುತ್ತಿರುವುದು ಸೇವೆ ಮಾಡುವವನು, ಕೇಳುತ್ತಿರುವುದು ದುಡ್ಡು ಕೊಟ್ಟವನು. ಮಾಣಿಯ ಮನೆಯಲ್ಲಿ ಏನೇ ತೊಡಕಿರಲಿ, ಮೇಜಿನ ಬಳಿ ಅವನು ಅದಿಲ್ಲ ಎನ್ನಬೇಕು. ತೊಂದರೆ ಅನುಭವಿಸಿದವರ ಔದಾರ್ಯವಾಗಿದ್ದ ಮಾತು ಮಾರುವವರ ವಾಗ್ದಾನವಾಯಿತು. ನಮ್ಮ ಬಸ್ಸಿನ ಕಂಡಕ್ಟರೇ ಮೊದಲು 'ಪರ್ವಾಗಿಲ್ಲ' ಎಂದ ಹಾಗೆ.

1994ರ 'ದಿ ಲಯನ್ ಕಿಂಗ್' ಚಿತ್ರ ಇದನ್ನು ಜೀವನದರ್ಶನವನ್ನಾಗಿಸಿತು. ಇಲ್ಲಿ ಚಿತ್ರಕ್ಕೂ ಅದರ ಜನಪ್ರಿಯತೆಗೂ ನಡುವಿನ ವ್ಯತ್ಯಾಸ ಗಮನಿಸಬೇಕು. ತಂದೆಯ ಸಾವಿಗೆ ತಾನೇ ಕಾರಣ ಎಂದು ನಂಬಿ ಓಡಿಬಂದ ಸಿಂಹದ ಮರಿ ಸಿಂಬನಿಗೆ ಟಿಮೋನ್ ಮತ್ತು ಪುಂಬಾ ಈ ಮಾತು ಕಲಿಸುತ್ತವೆ. ಆದರೆ ಕಥೆ ಅಲ್ಲಿ ನಿಲ್ಲುವುದಿಲ್ಲ. ಬಿಟ್ಟುಬಂದ ನಾಡು ಬರಡಾಗಿದೆ ಎಂದು ತಿಳಿದಾಗ ಸಿಂಬ ಆ ನಿಶ್ಚಿಂತೆಯನ್ನು ಬಿಟ್ಟು ಹಿಂದಿರುಗಲೇಬೇಕಾಗುತ್ತದೆ. ಅಂದರೆ ಚಿತ್ರವೇ ಆ ಘೋಷಣೆಯನ್ನು ಅರ್ಧಕ್ಕೆ ತಿರಸ್ಕರಿಸುತ್ತದೆ. ಟೀ ಶರ್ಟುಗಳು ಮೊದಲರ್ಧವನ್ನಷ್ಟೇ ಉಳಿಸಿಕೊಂಡವು. ಬಟ್ಟೆಯ ಮೇಲೆ ಬಳಸಲು ಡಿಸ್ನಿ ಸಂಸ್ಥೆ ಇದನ್ನು ಅಮೆರಿಕದಲ್ಲಿ ಟ್ರೇಡ್‌ಮಾರ್ಕ್ ಮಾಡಿಸಿಕೊಂಡಿತ್ತು. ಅದರ ವಿರುದ್ಧ 2018ರ ಕೊನೆಯಲ್ಲಿ ಎದ್ದ ಆನ್‌ಲೈನ್ ಮನವಿಗೆ ಲಕ್ಷಕ್ಕೂ ಹೆಚ್ಚು ಜನ ಸಹಿ ಹಾಕಿದರು. ಆಡುವವರ ಬಾಯಿಂದ ಮಾತನ್ನು ಕಿತ್ತುಕೊಳ್ಳಲು ಟ್ರೇಡ್‌ಮಾರ್ಕಿಗೆ ಆಗುವುದಿಲ್ಲ. ಆದರೆ ಮಾತು ಯಾರ ಸರಕು ಎಂಬ ಪ್ರಶ್ನೆ ಅಲ್ಲಿ ಬಯಲಿಗೆ ಬಂತು.

ಕನ್ನಡದಲ್ಲಿ ಇದಕ್ಕೆ ಹತ್ತಿರದ ಪಾಡು 'ಸ್ವಲ್ಪ ಅಡ್ಜಸ್ಟ್ ಮಾಡಿ'ಯದು. ಮೂವರ ಸೀಟಿನಲ್ಲಿ ನಾಲ್ಕನೆಯವರು ಸಂಕೋಚದಿಂದ ಕೇಳುವ ಕೋರಿಕೆ ಅದು. ಒಪ್ಪುವುದೂ ಬಿಡುವುದೂ ಕೂತವರಿಗೆ ಸೇರಿದ್ದು. ಅದೇ ಬೆಂಗಳೂರಿನ 'ಸ್ವಭಾವ' ಎಂದು ಅಚ್ಚಾದಾಗ ಒಪ್ಪುವವರು ಕಾಣೆಯಾಗುತ್ತಾರೆ, ಒಪ್ಪಿಗೆ ಮಾತ್ರ ಉಳಿಯುತ್ತದೆ.

ಹಾಗಾಗಿ ಇಂಥ ಪದಗುಚ್ಛ ಎದುರಾದಾಗ ನಿಘಂಟು ತೆರೆಯುವುದಕ್ಕಿಂತ ಎರಡು ಪ್ರಶ್ನೆ ಕೇಳುವುದು ಉಪಯುಕ್ತ: ಇದು ಯಾವ ಮಾತಿಗೆ ಉತ್ತರ? ತೊಂದರೆ ಆದದ್ದು ಯಾರಿಗೆ? ಎರಡಕ್ಕೂ ಉತ್ತರ ಸಿಕ್ಕರೆ ಅದು ಜನರ ಮಾತು. ಸಿಗದಿದ್ದರೆ ಅಲ್ಲಿ ಏನೋ ಮಾರಾಟಕ್ಕಿದೆ.