ಸೇವಾ ರಸ್ತೆ ಯಾರ ಸೇವೆಗೆ?

ಕಳೆದ ದೀಪಾವಳಿಗೆ ಚೆನ್ನೈನಿಂದ ಕಾರಿನಲ್ಲಿ ಬೆಂಗಳೂರಿಗೆ ಹೊರಟಿದ್ದೆ. ಕೂಡ್ಲು ಗೇಟ್ ಬಳಿ ಅಕ್ಕನ ಮನೆ. ಪಕ್ಕದಲ್ಲಿ ಕೂತಿದ್ದ ಅಪ್ಪನಿಗೆ ಇಂಗ್ಲಿಷ್ ಓದಲು ಬಾರದು. ಅತ್ತಿಬೆಲೆ ದಾಟಿದ ಮೇಲೆ ಕನ್ನಡ ಫಲಕಗಳನ್ನು ಓದಿ ದಾರಿ ಹೇಳುವ ಕೆಲಸ ಅವರದ್ದಾಯಿತು.

ಎಲೆಕ್ಟ್ರಾನಿಕ್ ಸಿಟಿಯಲ್ಲಿ ರಸ್ತೆ ಎರಡಾಗುತ್ತದೆ. ಮೇಲೆ ಹತ್ತಿದವರು ಹೊಸ ರೋಡ್, ಸಿಂಗಸಂದ್ರ, ಕೂಡ್ಲು ಗೇಟ್‌ಗಳ ತಲೆಯ ಮೇಲಿಂದ ಹೋಗಿ ಬೊಮ್ಮನಹಳ್ಳಿ ಕಡೆ ಇಳಿಯುತ್ತಾರೆ. "ಮೇಲ್ಸೇತುವೆ ಅಂತಿದೆ, ನಮಗೆ ಬೇಡ, ಕೆಳಗೇ ಹೋಗು" ಅಂದರು ಅಪ್ಪ. ಆ ಪದವನ್ನು ಯಾರೂ ಅವರಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ.

ಮುಂದೆ 'ಸೇವಾ ರಸ್ತೆ' ಬಂತು. "ಇದು ಯಾರ ಸೇವೆಗೋ?" ಎಂದು ಅಪ್ಪ ನಕ್ಕರು. ನಾನೂ ನಕ್ಕೆ. ನಗುವಷ್ಟರಲ್ಲಿ ಒಳಹೋಗುವ ತೆರವು ಹಿಂದೆ ಉಳಿಯಿತು. ಗಂಟೆಗೆ 80 ಕಿಲೋಮೀಟರ್ ವೇಗದ ಕಾರು ಒಂದು ಸೆಕೆಂಡಿಗೆ ಸುಮಾರು 22 ಮೀಟರ್ ಓಡುತ್ತದೆ. ಮುಂದಿನ ತೆರವಿನವರೆಗೆ ಹೋಗಿ, ತಿರುಗಿ ಬಂದೆವು.

ಎರಡೂ ಇಂಗ್ಲಿಷ್‌ನಿಂದ ಬಂದ ಪರಿಕಲ್ಪನೆಗಳೇ. ಆದರೆ ಮೇಲ್ಸೇತುವೆ ಎಂದವರು 'ಫ್ಲೈ' ಅನ್ನೋ ಪದವನ್ನು ಬಿಟ್ಟು ವಸ್ತುವನ್ನು ನೋಡಿದರು. ಸೇತುವೆ ಎಲ್ಲಿದೆ? ಮೇಲಿದೆ. ಸೇವಾ ರಸ್ತೆ ಎಂದವರು ರಸ್ತೆಯನ್ನು ನೋಡದೆ 'ಸರ್ವಿಸ್' ಪದವನ್ನು ನಿಘಂಟಿನಲ್ಲಿ ಹುಡುಕಿದರು. ಕನ್ನಡದಲ್ಲಿ ಸೇವೆ ಎಂದರೆ ದೇವರದ್ದು, ಹಿರಿಯರದ್ದು, ಇಲ್ಲವೇ ಸರ್ಕಾರಿ ನೌಕರಿಯದ್ದು. ಹೆದ್ದಾರಿಯ ಪಕ್ಕದಲ್ಲೇ ಸಾಗಿ ಮನೆ, ಅಂಗಡಿ, ಅಡ್ಡರಸ್ತೆಗಳಿಗೆ ಬಿಡುವ ದಾರಿ ಎಂಬ ಅರ್ಥ ಅದರಿಂದ ಹೊರಡುವುದಿಲ್ಲ.

ಹೊಸೂರಿನ ಆಚೆ ತಮಿಳರು ಮೇಲ್ಸೇತುವೆಗೆ 'ಮೇಂಪಾಲಂ' ಎನ್ನುತ್ತಾರೆ, ನಮ್ಮ ಪದದ ಒಡಹುಟ್ಟು. ಸರ್ವಿಸ್ ರಸ್ತೆಗೆ ಅವರಲ್ಲಿ 'ಅಣುಗುಸಾಲೈ' ಎಂಬ ಪದವಿದೆ. ಅಣುಗು ಅಂದರೆ ಹತ್ತಿರ ಹೋಗು. ಆ ರಸ್ತೆ ಮಾಡುವ ಕೆಲಸವೇ ಅದರ ಹೆಸರು. ಬೈಪಾಸಿಗೆ 'ಪುರವಳಿಚ್ಚಾಲೈ', ಊರ ಹೊರಗಿನ ದಾರಿ. ನಮ್ಮ 'ಬಳಸುದಾರಿ' ಕೇಳಿದರೆ ಸುತ್ತು ಹಾಕಿಸುತ್ತಾರೇನೋ ಅನಿಸುತ್ತದೆ. ಬೈಪಾಸ್ ಹಿಡಿಯುವವನಿಗೆ ಬೇಕಾಗಿರುವುದು ಬೇಗ ದಾಟುವುದು. 'ಹೊರವರ್ತುಲ ರಸ್ತೆ' ಒಪ್ಪಿದ ಬೆಂಗಳೂರಿಗೆ 'ಹೊರದಾರಿ' ಕಷ್ಟವಾಗಲಾರದು.

ಹಾಗಂತ ಎಲ್ಲವನ್ನೂ ಕನ್ನಡಿಸಬೇಕೆಂದು ನಾನು ಹೇಳುತ್ತಿಲ್ಲ. 'ಪಕ್ಕದ ರಸ್ತೆ' ಎಂದರೆ ಮಾತಿನಲ್ಲಿ ಆಚೆ ಬೀದಿ ಎಂದಾಗುತ್ತದೆ. 'ಬದಿರಸ್ತೆ' ಸ್ವಲ್ಪ ವಾಸಿ. ಅದೂ ಒಗ್ಗದಿದ್ದರೆ ಬಸ್ಸಿನವರೂ ಆಟೋದವರೂ ಹೇಳುವ 'ಸರ್ವಿಸ್ ರಸ್ತೆ'ಯೇ ಇರಲಿ. ಜಂಕ್ಷನ್ ಜಂಕ್ಷನ್ನಾಗಿಯೇ ನಮ್ಮದಾಗಿಲ್ಲವೇ? ಸ್ಟೀರಿಂಗ್ ಎತ್ತ ತಿರುಗಿಸಬೇಕೆಂದು ಹೇಳಲಾರದ ಕನ್ನಡ ಪದಕ್ಕಿಂತ, ಹೇಳಬಲ್ಲ ಎರವಲು ಪದವೇ ಫಲಕದ ಮೇಲೆ ಹೆಚ್ಚು ಕನ್ನಡ.

ಅಪ್ಪ ಮಾತ್ರ ಈಗಲೂ ಫೋನಿನಲ್ಲಿ ಕೇಳುತ್ತಾರೆ: "ಸೇವೆ ಮುಗಿಸಿ ಮನೆ ಸೇರಿದೆಯಾ?"