ಅಡಕ ಸಾಲಿನಲ್ಲಿ ‘ಅದು’ ಯಾರು? ಕಾಸರಗೋಡಿನ ಹವ್ಯಕ ಕನ್ನಡದ ಒಂದು ತೊಡಕು

ಕವಿತೆಯ ಸಾಲನ್ನು ಅಡಕಗೊಳಿಸುವಾಗ ಮೊದಲು ಬೀಳುವುದು ಕರ್ತೃಪದ. ಶಿಷ್ಟ ಕನ್ನಡದಲ್ಲಿ ಇದರಿಂದ ಅಂಥ ನಷ್ಟವಿಲ್ಲ. ‘ನೋಡಿದಳು’ ಅಂದರೆ ಹೆಣ್ಣು, ‘ನೋಡಿತು’ ಅಂದರೆ ದನವೋ ಕರುವೋ. ಕ್ರಿಯಾಪದದ ಬಾಲವೇ ಗುರುತು ಹೇಳುತ್ತದೆ. ಕಾಸರಗೋಡಿನ ಹವ್ಯಕ ಕನ್ನಡದಲ್ಲಿ ಈ ಅನುಕೂಲವಿಲ್ಲ. ಅಲ್ಲಿ ಏಕವಚನದಲ್ಲಿ ಹೆಣ್ಣಿಗೂ ನಪುಂಸಕ ರೂಪವೇ: ‘ಅಕ್ಕ ಬಂತು’, ‘ಅದು ಹೇಳಿತ್ತು’. ಇದರಲ್ಲಿ ಅಗೌರವವೇನೂ ಇಲ್ಲ, ಮನೆಮಾತಿನ ವ್ಯಾಕರಣ ಅಷ್ಟೆ.

ಚರ್ಚೆಗಾಗಿ ನಾನೇ ಕಟ್ಟಿದ ಸಾಲುಗಳಿವು:

ಮಾರಿದ ದನ ಹಟ್ಟಿಂದ ಹೆರಟತ್ತು, ಅಕ್ಕ ಬಾಗಿಲಿಲಿ.
ಒಂದರಿ ತಿರುಗಿ ನೋಡಿತ್ತು.
ಅದಕ್ಕೆ ಗೊಂತಿದ್ದು, ಇನ್ನು ಬತ್ತಿಲ್ಲೆ ಹೇಳಿ.

ಪರೀಕ್ಷೆ ಸರಳ. ಒಂದೊಂದು ಕ್ರಿಯಾಪದಕ್ಕೂ ‘ಯಾರು?’ ಅಂತ ಕೇಳಬೇಕು; ಉತ್ತರ ಕವಿಯ ನೆನಪಿನಿಂದಲ್ಲ, ಸಾಲಿನಿಂದಲೇ ಬರಬೇಕು. ಎರಡನೆಯ ಸಾಲಿನಲ್ಲಿ ತಿರುಗಿ ನೋಡಿದ್ದು ಅಕ್ಕನೋ, ದನವೋ? ಎರಡೂ ಆಗಬಹುದು. ಆದರೆ ಎರಡು ಓದಿನಲ್ಲೂ ಅಗಲಿಕೆಯ ನೋವು ಒಂದೇ. ಇಲ್ಲಿ ಸಂದಿಗ್ಧತೆ ಕೆಲಸ ಮಾಡುತ್ತಿದೆ, ಹಾಗೇ ಇರಲಿ.

ಮೂರನೆಯ ಸಾಲಿನ ಮಾತು ಬೇರೆ. ‘ಅದಕ್ಕೆ’ ಎಂದರೆ ಅಕ್ಕನಿಗೆ, ದನಕ್ಕೆ, ಸಾಲದ್ದಕ್ಕೆ ‘ಆದ್ದರಿಂದ’ ಅಂತಲೂ ಅರ್ಥ. ಜೊತೆಗೆ ‘ಬತ್ತಿಲ್ಲೆ’ ಎಂಬ ನಿಷೇಧರೂಪದಲ್ಲಿ ಯಾರೆಂಬ ಗುರುತೇ ಇಲ್ಲ. ಬಾರದಿರುವುದು ದನವೇ ಎಂದು ಊಹಿಸಿದರೂ, ಅದನ್ನು ಬಲ್ಲವರು ಯಾರು? ಅಕ್ಕನಾದರೆ ಇದು ಮಾರಲು ಒಪ್ಪಿದವಳ ಪಶ್ಚಾತ್ತಾಪ. ದನವಾದರೆ ಮೂಕಪ್ರಾಣಿಯ ಅರಿವು. ಎರಡೂ ಬೇರೆ ಬೇರೆ ಕವಿತೆಗಳು. ಓದುಗ ಇಲ್ಲಿ ನಿಂತು ಹಿಂದಕ್ಕೆ ಹೋಗಿ ಹುಡುಕಬೇಕಾಗುತ್ತದೆ. ಹುಡುಕಿದರೂ ಸಿಗುವುದಿಲ್ಲ, ಯಾಕೆಂದರೆ ಸಾಲಿನಲ್ಲಿ ಅದು ಇಲ್ಲ. (ಈಗ ನಾನು ಬರೆದ ‘ಅದು’ ಯಾವುದು ಅಂತ ಕೇಳಿದರೆ ನನ್ನ ತಪ್ಪೂ ಒಪ್ಪಬೇಕು: ಉತ್ತರ.)

ಬಾಯಲ್ಲಿ ಹೇಳುವಾಗ ಈ ತೊಡಕು ಕಾಣುವುದಿಲ್ಲ. ಹೇಳುವವರು ಹಟ್ಟಿಯ ಕಡೆ ಕೈ ತೋರಿಸಿದರೆ ಸಾಕು. ಅಚ್ಚಿಗೆ ಬಂದಾಗ ಆ ಕೈ ಬಿಟ್ಟುಹೋಗುತ್ತದೆ. ಮನೆಯವರಿಗೆ ಓದಿ ತೋರಿಸಿದರೂ ಪ್ರಯೋಜನ ಕಡಿಮೆ, ಅವರಿಗೆ ಕಥೆ ಮೊದಲೇ ಗೊತ್ತಿರುತ್ತದೆ. ಕಥೆ ಗೊತ್ತಿಲ್ಲದ, ಆದರೆ ಅದೇ ಮಾತಾಡುವ ಒಬ್ಬರಿಂದ ಓದಿಸಬೇಕು.

ತಿದ್ದುವ ಬಗೆಯಲ್ಲೂ ಎಚ್ಚರ ಬೇಕು. ಘಟ್ಟದ ಮೇಲಿನ ಸಂಪಾದಕರ ಕೈ ಸಾಮಾನ್ಯವಾಗಿ ‘ನೋಡಿದಳು’, ‘ಅವಳಿಗೆ’ ಕಡೆಗೆ ಹೋಗುತ್ತದೆ. ಗೊಂದಲ ಹೋಗುತ್ತದೆ ನಿಜ. ಜೊತೆಗೆ ಎರಡನೆಯ ಸಾಲಿನ ದನವೂ ಹೋಗುತ್ತದೆ, ಮಾತೂ ಕಾಸರಗೋಡಿನದಾಗಿ ಉಳಿಯುವುದಿಲ್ಲ. ಮೂರನೆಯ ಸಾಲಿನಲ್ಲಿ ಸರ್ವನಾಮ ಬಿಟ್ಟು ನಾಮಪದವನ್ನೇ ತಂದರೆ ಆಯಿತು: ‘ಅಕ್ಕಂಗೆ ಗೊಂತಿದ್ದು’. ಅಕ್ಷರ ಹೆಚ್ಚಲಿಲ್ಲ, ಅಡಕವೂ ಸಡಿಲಲಿಲ್ಲ. ‘ದನಕ್ಕೆ ಗೊಂತಿದ್ದು’ ಎಂದರೂ ಅಷ್ಟೇ. ಯಾವುದೆಂದು ಕವಿ ತೀರ್ಮಾನಿಸಬೇಕು.