65 ವ್ಯಾಟ್‌ನಲ್ಲಿ ಐದು ವ್ಯಾಟ್ ಎಲ್ಲಿ ಹೋಯಿತು

ಹಳೆಯ ಲ್ಯಾಪ್‌ಟಾಪ್ ಅಡಾಪ್ಟರ್‌ಗಳ ತುದಿಯಲ್ಲಿ ಸ್ವಿಚ್ ಹಾಕಿದ ಕ್ಷಣದಿಂದಲೇ 19 ವೋಲ್ಟ್ ಆಸುಪಾಸಿನ ವಿದ್ಯುತ್ ಇರುತ್ತಿತ್ತು. ಪಿನ್ ಹೊಂದುತ್ತದೆಂದು ಬೇರೆ ಯಂತ್ರಕ್ಕೆ ಚುಚ್ಚಿದರೆ ಅದು ಸುಟ್ಟೇ ಹೋಗಬಹುದಿತ್ತು. ಯುಎಸ್‌ಬಿ-ಸಿ ಚಾರ್ಜರ್ ಹಾಗಲ್ಲ. ಆಚೆ ತುದಿಯಲ್ಲಿ ಯಾರಾದರೂ ಇದ್ದಾರೆಂದು ಖಾತ್ರಿಯಾಗುವವರೆಗೆ ಅದು ಏನನ್ನೂ ಕೊಡುವುದಿಲ್ಲ. ಖಾತ್ರಿಯಾದ ಮೇಲೂ ಮೊದಲು ಕೊಡುವುದು ಬರೀ 5 ವೋಲ್ಟ್. ಅದಕ್ಕಿಂತ ಹೆಚ್ಚು ಬೇಕಿದ್ದರೆ ಲ್ಯಾಪ್‌ಟಾಪ್ ಕೇಳಿ ಪಡೆಯಬೇಕು. ಪವರ್ ಡೆಲಿವರಿ ಎಂಬ ಮಾನದಂಡದ ಈ ಎಚ್ಚರಿಕೆ ನನಗೆ ತುಂಬ ಮೆಚ್ಚುಗೆಯಾದದ್ದು. ಆದರೆ ಕೇಳಿದಷ್ಟು ಸಿಗದೇ ಹೋದಾಗ ಕಾರಣವೇನೆಂದು ಬಳಸುವವರಿಗೆ ತಿಳಿಯುವ ದಾರಿಯನ್ನು ಅದು ಗಟ್ಟಿಯಾಗಿ ಹಾಕಿಕೊಟ್ಟಿಲ್ಲ ಎಂಬುದು ನನ್ನ ತಕರಾರು.

ಒಂದು ಉದಾಹರಣೆ ನೋಡೋಣ. ಚಾರ್ಜರ್ ಮೇಲೆ 65 ವ್ಯಾಟ್ ಎಂದಿದೆ, ಲ್ಯಾಪ್‌ಟಾಪ್‌ಗೆ ಬೇಕಿರುವುದೂ 65 ವ್ಯಾಟ್. ನಡುವೆ ಇರುವುದು ಫೋನ್ ಜೊತೆ ಬಂದ ಮಾಮೂಲಿ ಸಿ-ಟು-ಸಿ ಕೇಬಲ್. ಎಲ್ಲ ಸರಿಯಾಗಿ ಕೂತಿದ್ದರೂ ಪರದೆಯ ಮೇಲೆ ‘ನಿಧಾನ ಚಾರ್ಜರ್’ ಎಂಬ ಸೂಚನೆ ಬರುತ್ತದೆ.

ಒಳಗೆ ನಡೆಯುವುದು ಇಷ್ಟು. ಕೇಬಲ್‌ನಲ್ಲಿ ವಿದ್ಯುತ್ ಹರಿಯುವ ತಂತಿಯ ಪಕ್ಕದಲ್ಲೇ ಮಾತುಕತೆಗೆಂದೇ ಸಿಸಿ ಎಂಬ ತಂತಿ ಇದೆ. ಲ್ಯಾಪ್‌ಟಾಪ್ ಅದಕ್ಕೆ 5.1 ಕಿಲೋ ಓಮ್ ರೆಸಿಸ್ಟರ್ ಹಾಕಿಕೊಂಡು ಕಾಯುತ್ತಿರುತ್ತದೆ. ಚಾರ್ಜರ್ ಆ ರೆಸಿಸ್ಟರನ್ನು ಗುರುತಿಸಿ 5 ವೋಲ್ಟ್ ಬಿಡುತ್ತದೆ. ನಂತರ ಲ್ಯಾಪ್‌ಟಾಪ್ ಜೊತೆ ಮಾತಾಡುವ ಮುಂಚೆ ಅದು ಕೇಬಲ್ಲನ್ನೇ ವಿಚಾರಿಸುತ್ತದೆ: ನೀನು ಎಷ್ಟು ಆಂಪ್ ತಡೆಯುತ್ತೀಯ? 5 ಆಂಪ್ ಹೊರಬಲ್ಲ ಕೇಬಲ್‌ನ ತುದಿಯಲ್ಲಿ ಇದಕ್ಕೆ ಉತ್ತರ ಕೊಡಲೆಂದೇ ಒಂದು ಪುಟ್ಟ ಚಿಪ್ ಇರುತ್ತದೆ. ನಮ್ಮ ಮಾಮೂಲಿ ಕೇಬಲ್‌ನಲ್ಲಿ ಅದಿಲ್ಲ, ಉತ್ತರವೂ ಬರುವುದಿಲ್ಲ. ಉತ್ತರ ಬಾರದಿದ್ದರೆ 3 ಆಂಪ್ ದಾಟಬಾರದು ಎಂಬುದು ನಿಯಮ.

ಈಗ ಚಾರ್ಜರ್ ತನ್ನ ಪಟ್ಟಿಯನ್ನು ಲ್ಯಾಪ್‌ಟಾಪ್‌ಗೆ ಕಳಿಸುತ್ತದೆ: 5, 9, 15 ಮತ್ತು 20 ವೋಲ್ಟ್, ಒಂದೊಂದರ ಎದುರು ಎಷ್ಟು ಆಂಪ್ ಎಂಬುದೂ ಇರುತ್ತದೆ. 65 ವ್ಯಾಟ್ ಎಂದರೆ 20 ವೋಲ್ಟ್‌ನಲ್ಲಿ 3.25 ಆಂಪ್. ಕೇಬಲ್ ಉತ್ತರಿಸಿದ್ದರೆ ಪಟ್ಟಿಯ ಕೊನೆಯ ಸಾಲಿನಲ್ಲಿ ಅದೇ ಇರುತ್ತಿತ್ತು. ಈಗ ಇರುವುದು 3 ಆಂಪ್, ಅಂದರೆ 60 ವ್ಯಾಟ್. ಐದು ವ್ಯಾಟ್ ಖೋತಾ ಆದದ್ದು ಇಲ್ಲೇ. ಲ್ಯಾಪ್‌ಟಾಪ್ ನಾಲ್ಕನೆಯ ಸಾಲು ಬೇಕೆಂದು ಕೇಳುತ್ತದೆ, ಚಾರ್ಜರ್ ಒಪ್ಪುತ್ತದೆ. ವೋಲ್ಟೇಜ್ ಏರುವವರೆಗೆ ಲ್ಯಾಪ್‌ಟಾಪ್ ತನ್ನ ಬಳಕೆಯನ್ನು ತಗ್ಗಿಸಿಕೊಂಡಿರುತ್ತದೆ. 20 ವೋಲ್ಟ್‌ಗೆ ಬಂದು ನಿಂತಿತು ಎಂಬ ಸಂದೇಶ ಬಂದ ಮೇಲೆ ಚಾರ್ಜಿಂಗ್ ಶುರು.

ಪಟ್ಟಿ ಕೊಡುವವನು ಚಾರ್ಜರ್, ಆರಿಸುವವನು ಲ್ಯಾಪ್‌ಟಾಪ್ ಎಂಬ ಈ ಏರ್ಪಾಡು ಬಹಳ ಸರಿಯಾದದ್ದು. ಬ್ಯಾಟರಿಯ ಸ್ಥಿತಿ, ಒಳಗಿನ ಶಾಖ ಇವೆಲ್ಲ ಗೊತ್ತಿರುವುದು ಲ್ಯಾಪ್‌ಟಾಪ್‌ಗೆ ಮಾತ್ರ. ಕೇಬಲ್ ಬಗ್ಗೆ ಅನುಮಾನವಿದ್ದಾಗ ತಗ್ಗುವುದೂ ಸರಿಯೇ. ಹೆಚ್ಚು ಆಂಪ್ ಹರಿದಾಗ ಕಾಯುವುದು ಕೇಬಲ್ ಮತ್ತು ಅದರ ಕನೆಕ್ಟರ್, ಆ ಶಾಖ ಎರಡೂ ತುದಿಯ ಯಂತ್ರಗಳಿಗೆ ಕಾಣುವುದಿಲ್ಲ.

ನನಗೆ ಒಪ್ಪಿಗೆಯಾಗದ್ದು ಅದರ ನಂತರದ್ದು. ಲ್ಯಾಪ್‌ಟಾಪ್ ತನ್ನ ಬೇಡಿಕೆಯ ಜೊತೆ ‘ಇದು ನನಗೆ ಸಾಲದು’ ಎಂಬ ಗುರುತನ್ನೂ ಕಳಿಸಬಲ್ಲದು. ಅದಕ್ಕಾಗಿ ಸಂದೇಶದಲ್ಲಿ ಒಂದು ಬಿಟ್ ಮೀಸಲಿದೆ. ಆದರೆ ಅದು ಹೋಗುವುದು ಚಾರ್ಜರ್ ಬಳಿಗೆ, ಸಾಮಾನ್ಯವಾಗಿ ಪರದೆಯೇ ಇಲ್ಲದ ಯಂತ್ರದ ಬಳಿಗೆ. ಪರದೆ ಇರುವ ಲ್ಯಾಪ್‌ಟಾಪ್‌ಗೆ ತಲುಪಿದ್ದು ಕತ್ತರಿಸಿದ ಪಟ್ಟಿ ಮಾತ್ರ. ಏಕೆ ಕತ್ತರಿಸಲಾಯಿತು ಎಂಬುದು ಆ ಪಟ್ಟಿಯಲ್ಲಿಲ್ಲ. ಹೀಗಾಗಿ ಜನ ಒಳ್ಳೆಯ ಚಾರ್ಜರನ್ನೇ ದೂರಿ ಅಂಗಡಿಗೆ ವಾಪಸ್ ಕೊಡುತ್ತಾರೆ, ಹೊಸದನ್ನು ತಂದು ಅದೇ ಕೇಬಲ್‌ಗೆ ಜೋಡಿಸುತ್ತಾರೆ.

ಸದ್ಯಕ್ಕೆ ಪತ್ತೆ ಹಚ್ಚಲು ಪವರ್ ಡೆಲಿವರಿ ಪಟ್ಟಿಯನ್ನು ಓದಬಲ್ಲ ಚಿಕ್ಕ ಯುಎಸ್‌ಬಿ-ಸಿ ಮೀಟರ್ ಬೇಕು. 65 ವ್ಯಾಟ್ ಚಾರ್ಜರ್‌ನ ಪಟ್ಟಿಯಲ್ಲಿ 20 ವೋಲ್ಟ್ ಎದುರು 3 ಆಂಪ್ ಕಂಡರೆ ಮೊದಲು ಕೇಬಲ್ ಬದಲಿಸಿ ನೋಡಿ. ಮೀಟರ್ ಇಲ್ಲದಿದ್ದರೆ 5 ಆಂಪ್ ಅಥವಾ 240 ವ್ಯಾಟ್ ಎಂದು ಮುದ್ರಿಸಿರುವ ಕೇಬಲ್ ಹಾಕಿ ಸೂಚನೆ ಹೋಗುತ್ತದೆಯೇ ಗಮನಿಸಿ. ಕೇಬಲ್ ಚಾರ್ಜರ್‌ಗೇ ಅಂಟಿಕೊಂಡಿದ್ದರೆ ಈ ತೊಂದರೆ ಇರುವುದಿಲ್ಲ. ತನ್ನ ಕೇಬಲ್ ಎಷ್ಟು ತಡೆಯುತ್ತದೆಂದು ಆ ಚಾರ್ಜರ್‌ಗೆ ಮೊದಲೇ ಗೊತ್ತು.

ಮಾನದಂಡದ ಇತ್ತೀಚಿನ ಆವೃತ್ತಿಗಳಲ್ಲಿ ಚಾರ್ಜರ್‌ನ ಪೂರ್ಣ ಸಾಮರ್ಥ್ಯ ಎಷ್ಟೆಂದು ಲ್ಯಾಪ್‌ಟಾಪ್ ಕೇಳಿ ತಿಳಿಯಲು ಅವಕಾಶವಿದೆ. ಎರಡೂ ಕಡೆಯವರು ಅದನ್ನು ಅಳವಡಿಸಿದರೆ 65 ಎಂಬ ಉತ್ತರವನ್ನೂ ಕೈಗೆ ಬಂದ 60ನ್ನೂ ಹೋಲಿಸಿ, ‘ಚಾರ್ಜರ್ ಸರಿಯಿದೆ, ಕೇಬಲ್ ಬದಲಿಸಿ ನೋಡಿ’ ಎಂದು ಪರದೆಯ ಮೇಲೆ ಬರೆಯುವುದು ಕಷ್ಟದ ಕೆಲಸವಲ್ಲ. ಆ ಒಂದು ಸಾಲನ್ನು ಲ್ಯಾಪ್‌ಟಾಪ್ ತಯಾರಕರ ಇಷ್ಟಕ್ಕೆ ಬಿಡದೆ ಕಡ್ಡಾಯ ಮಾಡಬೇಕು.